ಹೆಚ್ಚಿನ ಬಾಲಂಗೋಚಿ

ಮೊನ್ನೆ ಮಗಳು ಶಾಲೆಗೆಂದು ಬರೆದ ಇಂಗ್ಲಿಷ್ ರಜಾ ಅರ್ಜಿಯನ್ನು ತಂದು ತೋರಿಸಿದಳು. ಅಜ್ಜಿಯ ಊರಿಗೆ ಹೋಗಿ ಸೋಮವಾರ 'ರಿಟರ್ನ್ ಬ್ಯಾಕ್' ಆಗುವುದಾಗಿ ಬರೆದಿದ್ದಳು. 'ಬ್ಯಾಕ್' ಹೊಡೆದುಹಾಕು ಎಂದೆ.

"ಹಾಗಾದರೆ ವಾಪಸು ಬರ್ತೀನಿ ಅಂತ ಹೇಗೆ ಗೊತ್ತಾಗುತ್ತೆ ಅಪ್ಪಾ?"

ಪ್ರಶ್ನೆ ಸಹಜವೇ. ಮಾತಿನಲ್ಲಿ ನಾವು 'ವಾಪಸು ಬಾ', 'ಮತ್ತೆ ಹೇಳು' ಎಂದು ಎರಡೆರಡು ಪದ ಬಳಸುತ್ತೇವೆ. ಅದೇ ರೂಢಿಯಲ್ಲಿ ಇಂಗ್ಲಿಷಿಗೂ ಎರಡು ಹಾಕುತ್ತೇವೆ. ಆದರೆ 'ರಿಟರ್ನ್'ನ 'ರಿ'ಯಲ್ಲೇ ಹಿಂದಕ್ಕೆ ಎಂಬ ಅರ್ಥವಿದೆ; 'ರಿಪೀಟ್'ನಲ್ಲಿ ಮತ್ತೆ ಎಂಬುದಿದೆ; 'ಕೋಆಪರೇಟ್'ನ 'ಕೋ' ಎಂದರೆ ಜೊತೆಗೆ. ಹಾಗಾಗಿ ಅವುಗಳ ಹಿಂದೆ 'ಅಗೇನ್', 'ಟುಗೆದರ್' ಬೇಕಿಲ್ಲ.

ಹಾಗೆಂದು ಕಂಡಲ್ಲೆಲ್ಲ ಕತ್ತರಿ ಆಡಿಸಬಾರದು. 'ಕಮ್ ಬ್ಯಾಕ್'ನಲ್ಲಿ 'ಬ್ಯಾಕ್' ತೆಗೆದರೆ ಬರುವುದಷ್ಟೇ ಉಳಿಯುತ್ತದೆ, ಮರಳುವುದು ಹೋಗುತ್ತದೆ. ಒಮ್ಮೆ ರಿಪೀಟ್ ಮಾಡಿದ್ದನ್ನೇ ಮೇಷ್ಟ್ರು ಇನ್ನೊಮ್ಮೆ ರಿಪೀಟ್ ಮಾಡಿದರೆ ಅಲ್ಲಿ 'ಅಗೇನ್' ಸರಿಯೇ.

"ಅನುಮಾನದ ಪದವನ್ನು ಬೆರಳಿನಿಂದ ಮುಚ್ಚಿ ವಾಕ್ಯ ಓದು. ಅರ್ಥ ಕೆಡದಿದ್ದರೆ ಹೊಡೆದುಹಾಕು" ಎಂದೆ.

ತಿದ್ದಿ ಮುಗಿಸಿದ ಮೇಲೆ ಮೆಲ್ಲಗೆ ಹೇಳಿದಳು: "ಹೋದ ವರ್ಷ ನೀವು ಬರೆದುಕೊಟ್ಟಿದ್ದ ಅರ್ಜಿ ನೋಡಿಯೇ ಬರೆದದ್ದು ಅಪ್ಪಾ."