ಸುಟ್ಟು ಹೋಗುವ ಸುಟ್ಟಿ

ಪುಣೆಯಲ್ಲಿ ರಜೆಗೆ ‘ಸುಟ್ಟಿ’ ಎನ್ನುತ್ತಾರೆ, ನಮ್ಮ ಧಾರವಾಡದ ಕಡೆಯ ‘ಸೂಟಿ’ಯ ಅಕ್ಕ. ಪ್ರತಿ ಡಿಸೆಂಬರಿನಲ್ಲಿ ಆಫೀಸಿನವರೆಲ್ಲರ ರಜೆ ಲೆಕ್ಕ ತೆಗೆಯುವ ನನಗೆ ಮಾತ್ರ ಅದು ‘ಸುಟ್ಟದ್ದು’ ಅಂತಲೇ ಕೇಳಿಸುತ್ತದೆ. ಎಷ್ಟೋ ರಜೆ 31ರ ರಾತ್ರಿ ಸುಟ್ಟೇ ಹೋಗುತ್ತದಲ್ಲ!

ಎಲ್ಲ ರಜೆಯೂ ಒಂದೇ ಥರ ಸುಡುವುದಿಲ್ಲ. ನಮ್ಮ ಪಾಲಿಸಿಗೆ ಆಧಾರ 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ. ಅದರಲ್ಲಿ ಕ್ಯಾಶುವಲ್ ಲೀವ್ ವರ್ಷಕ್ಕೆ 8 ದಿನ. ಉಳಿದರೆ ಹೋಯಿತು, ದುಡ್ಡೂ ಇಲ್ಲ. ಗಳಿಕೆ ರಜೆ ದುಡಿದ 20 ದಿನಕ್ಕೆ ಒಂದು, 45ರ ತನಕ ಕೂಡಿಡಬಹುದು. ಸಿಕ್ ಲೀವಿಗೆ ಈ ಕಾಯಿದೆಯಲ್ಲಿ ಲೆಕ್ಕವಿಲ್ಲ, ಪಾಲಿಸಿ ಹೇಳಿದ್ದೇ ಕೊನೆ.

2024ರ ಡಿಸೆಂಬರಿನ ಮಾತು. ಗೋಡೌನಿನಲ್ಲಿ ಸ್ಟಾಕ್ ನೋಡುವ ವಿಜಾಪುರದ ಹುಡುಗ ಬಂದು, “ಸರ, ನನ್ನ ಐದ ದಿನಾ ಎಲ್ಲಿ ಹೋದ್ವು?” ಅಂದ. ವರ್ಷದ ಮೊದಲಲ್ಲಿ ಅವನ ಖಾತೆಯಲ್ಲಿ 41 ಗಳಿಕೆ ರಜೆ. 280 ದಿನ ದುಡಿದದ್ದಕ್ಕೆ 14 ಸೇರಿತು, 5 ತೆಗೆದುಕೊಂಡ, ಉಳಿದದ್ದು 50. ಸಾಫ್ಟ್‌ವೇರ್ ಕಣ್ಣು ಮುಚ್ಚಿ 45ಕ್ಕೆ ಕತ್ತರಿಸಿತ್ತು. ಬ್ಯಾಲೆನ್ಸ್ ಶೀಟು ನೋಡಿದರೆ ತಪ್ಪೇನೂ ಕಾಣುವುದಿಲ್ಲ.

ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಸಾಲಿದೆ. ಹದಿನೈದು ದಿನ ಮುಂಚೆ ಅರ್ಜಿ ಕೊಟ್ಟ ಗಳಿಕೆ ರಜೆಯನ್ನು ಮಾಲೀಕರು ಕೊಡದೇ ಹೋದರೆ, 45 ಮೀರಿದ ದಿನಗಳಿಗೆ ಹಣ ಕೇಳುವ ಹಕ್ಕು ಕೆಲಸಗಾರನಿಗಿದೆ. ಈ ಸಂಗತಿ ಬ್ಯಾಲೆನ್ಸ್ ಪಟ್ಟಿಯಲ್ಲಿ ಇರುವುದೇ ಇಲ್ಲ. ಅರ್ಜಿಗಳ ಪಟ್ಟಿಯನ್ನೇ ತೆಗೆಯಬೇಕು. ತೆಗೆದೆ. ಆಗಸ್ಟ್ 10ರಿಂದ 6 ದಿನ ಬೇಕೆಂದು ಜುಲೈ 20ಕ್ಕೇ ಕೇಳಿದ್ದಾನೆ, ಮುಂದೆ `Rejected`. ಇಲ್ಲಿ ಒಂದು ಎಚ್ಚರ: `Cancelled` ಎಂದಿದ್ದರೆ ಅವನೇ ಹಿಂತೆಗೆದುಕೊಂಡಿರಬಹುದು, ಆಗ ಹಕ್ಕಿಲ್ಲ. ಕೆಲವು ಮ್ಯಾನೇಜರುಗಳು ನಿರಾಕರಿಸುವ ಬದಲು “ನೀನೇ ಕ್ಯಾನ್ಸಲ್ ಮಾಡು” ಅನ್ನುತ್ತಾರೆ, ಹಾಗಾಗಿ ಇಮೇಲನ್ನೂ ನೋಡಬೇಕು.

ಹೀಗಾಗಿ ಆ ಐದು ದಿನ ಸುಡುವಂತಿರಲಿಲ್ಲ, ಹಣವಾಗಬೇಕಿತ್ತು. ಎಷ್ಟು ಹಣ? ಅವನ ಮೂಲ ವೇತನ 26,000. 26ರಿಂದ ಭಾಗಿಸಿದರೆ 5,000 ರೂಪಾಯಿ, 30ರಿಂದ ಭಾಗಿಸಿದರೆ ಸುಮಾರು 4,333. ನಮ್ಮ ಪಾಲಿಸಿಯಲ್ಲಿ 26 ಎಂದು ಬರೆದಿತ್ತು, ಅಕೌಂಟ್ಸಿನವರು ಗೊಣಗಿದರೂ ಅದನ್ನೇ ಹಿಡಿಸಿದೆ.

ಅಂದಿನಿಂದ ನನ್ನ ಪಟ್ಟಿಯಲ್ಲಿ ಗಳಿಕೆ ರಜೆಯ ಮುಂದೆ ಎರಡು ಕಾಲಂ ಹೆಚ್ಚು: ಅರ್ಜಿ ಕೊಟ್ಟ ತಾರೀಖು, ನಿರಾಕರಿಸಿದ ದಿನಗಳು. 45ರ ಕತ್ತರಿ ಅವು ತುಂಬಿದ ಮೇಲೆಯೇ. ಅಂದ ಹಾಗೆ, 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಮ್ಮ ಪಾಲಿಸಿ ಯಾವ ತಾರೀಖಿನದು ಎಂದು ಮೊದಲು ನೋಡಿಕೊಳ್ಳಿ, ಹಳೇ ಪಿಡಿಎಫ್ ಇಟ್ಟುಕೊಂಡು ಜಗಳಕ್ಕೆ ಹೋಗಬೇಡಿ.