ಕಾವಲಿನ ವಾರ

ಐದು ವಾರಕ್ಕೊಮ್ಮೆ ನನ್ನ ಸರದಿ. ಆ ಏಳು ದಿನ ಫೋನು ದಿಂಬಿನ ಪಕ್ಕದಲ್ಲೇ ಇರಬೇಕು. ಕಂಪನಿಯ ಸರ್ವರಿಗೆ ತೊಂದರೆಯಾದರೆ ಅದು ಹೊಡೆದುಕೊಳ್ಳುತ್ತದೆ. ಹದಿನೈದು ನಿಮಿಷದೊಳಗೆ ನಾನು ಏಳದಿದ್ದರೆ ಇನ್ನೊಬ್ಬರನ್ನು ಎಬ್ಬಿಸುತ್ತದೆ. ತಾಳಗುಪ್ಪದ ಮನೆಯಿಂದ ಕೆಲಸ ಮಾಡುವ ನನಗೆ ಮಳೆಗಾಲದಲ್ಲಿ ಕರೆಂಟಿನ ಚಿಂತೆಯೂ ಸೇರಿಕೊಳ್ಳುತ್ತದೆ. ಆ ವಾರ ಜೋಗದ ಕಡೆಗಿರಲಿ, ತೋಟದ ಆಚೆ ಬದಿಗೂ ಹೋಗುವುದಿಲ್ಲ.

ಕಳೆದ ಆಷಾಢದಲ್ಲಿ ಹೆಂಡತಿ, ಮಗಳು ಮೈಸೂರಿಗೆ ಹೊರಟಿದ್ದರು. ರಾತ್ರಿಯ ರೈಲಿಗೆ ಇನ್ನೊಂದು ಗಂಟೆ ಇದೆ ಎನ್ನುವಾಗ ಫೋನು ಕೂಗಿತು: ಡಿಸ್ಕ್ ಶೇ. 90 ತುಂಬಿದೆ. ಅವಸರದಲ್ಲಿ ಹುಡುಕಿ, ಊದಿಕೊಂಡಿದ್ದ ಲಾಗ್ ಫೈಲನ್ನು `rm` ಕೊಟ್ಟು ಅಳಿಸಿದೆ. ಜಾಗ ಖಾಲಿಯಾಯಿತೇ ಎಂದು ನೋಡದೆ ಅಲಾರಾಂ ಸುಮ್ಮನಾಗಿಸಿ ಸ್ಟೇಷನ್ನಿಗೆ ಓಡಿದೆ. ಪ್ಲಾಟ್‌ಫಾರ್ಮಿನಲ್ಲೂ ಕಣ್ಣು ಫೋನಿನ ಮೇಲೇ. "ಅವಳು ಕೈ ಬೀಸ್ತಿದಾಳೆ, ನೋಡ್ರೀ" ಎಂದಳು ಹೆಂಡತಿ. ತಲೆಯೆತ್ತುವಷ್ಟರಲ್ಲಿ ಬೋಗಿ ಮುಂದೆ ಹೋಗಿತ್ತು.

ರಾತ್ರಿ 2:40ಕ್ಕೆ ಮತ್ತೆ ಕೂಗಿತು. ಈ ಸಲ ಡಿಸ್ಕ್ ಪೂರ್ತಿ ತುಂಬಿ, ಹೊಸ ಆರ್ಡರುಗಳು ದಾಖಲಾಗದೆ ನಿಂತಿದ್ದವು. `df -h` ಶೇ. 100 ಎನ್ನುತ್ತಿತ್ತು. `du` ಕೊಟ್ಟು ಫೈಲುಗಳ ಗಾತ್ರ ಕೂಡಿಸಿದರೆ ಅದರ ಅರ್ಧವೂ ಇರಲಿಲ್ಲ. ಎರಡರ ಲೆಕ್ಕ ಹೀಗೆ ತಾಳೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಳಿಸಿದ ಫೈಲನ್ನೇ. ಲಿನಕ್ಸಿನಲ್ಲಿ ಫೈಲು ಅಳಿಸಿದರೆ ಹೋಗುವುದು ಅದರ ಹೆಸರು. ಯಾವುದಾದರೂ ಪ್ರೋಗ್ರಾಮು ಅದನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ಬಿಡುವುದಿಲ್ಲ. ಮನೆಯ ಬೋರ್ಡು ಕಿತ್ತರೂ ಬಾಡಿಗೆಯವನು ಒಳಗೇ ಇದ್ದಂತೆ. `lsof +L1` ಅವನನ್ನು ತೋರಿಸಿತು: ನಾನು ಸಂಜೆ ಅಳಿಸಿದ್ದ ಫೈಲು, ಇನ್ನೂ ಬೆಳೆಯುತ್ತಿತ್ತು. ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿದೆ. ಜಾಗ ಬಿಟ್ಟಿತು. ಸಂಜೆಯೇ `truncate -s 0` ಕೊಟ್ಟು ಫೈಲನ್ನು ಬರಿದು ಮಾಡಿದ್ದರೆ ಸಾಕಿತ್ತು.

ಕೆಲಸ ಅರ್ಧ ಗಂಟೆಯದ್ದು. ನಿದ್ದೆ ಮಾತ್ರ ಬೆಳಗಿನವರೆಗೂ ಬರಲಿಲ್ಲ. ಹಂಚಿನ ಮೇಲಿನ ಮಳೆಯಲ್ಲೂ ಫೋನಿನ ಸದ್ದೇ ಕೇಳುತ್ತಿತ್ತು. ಕಾವಲಿನ ವಾರದಲ್ಲಿ ದಣಿಸುವುದು ಎದ್ದ ಹೊತ್ತಿಗಿಂತ, ಏಳಬೇಕಾಗಬಹುದು ಎಂದು ಮಲಗುವುದು.

ಮರುವಾರ ಎರಡು ಬದಲಾವಣೆ ಮಾಡಿಸಿದೆ. ಡಿಸ್ಕ್ ಶೇ. 75 ಮುಟ್ಟಿದರೆ ಹಗಲಲ್ಲೇ ಒಂದು ಸಂದೇಶ ಬರುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. ಲಾಗ್ ಫೈಲುಗಳು ದಿನಕ್ಕೊಮ್ಮೆ ತಾವೇ ಬದಲಾಗಿ, ಹಳೆಯವು ಅಳಿಯುತ್ತವೆ. ಜೊತೆಗೆ, ಮನೆಯಲ್ಲಿ ಯಾರಾದರೂ ಊರಿಗೆ ಹೊರಡುವ ದಿನವಿದ್ದರೆ ಸರದಿಯನ್ನು ಸಹೋದ್ಯೋಗಿಯ ಜೊತೆ ಮೊದಲೇ ಅದಲುಬದಲು ಮಾಡಿಕೊಳ್ಳುತ್ತೇನೆ.

ಅಂದು ಬೆಳಿಗ್ಗೆ ಮೈಸೂರಿನಿಂದ ಮಗಳ ಫೋನು ಬಂತು. ಅದರ ಸದ್ದಿಗೂ ಎದೆ ಹಾರಿತು. "ಅಪ್ಪಾ, ನಾನು ಕೈ ಬೀಸಿದ್ದು ಕಾಣಿಸ್ತಾ?" ಎಂದಳು.

ಕಾಣಿಸಿತು ಎಂದು ಸುಳ್ಳು ಹೇಳಿದೆ.