ವಾಯ್ಸ್‌ಓವರ್ ಕಥೆ 4: ಕಂಬಳಿ ಬೆನ್ನ ಹಿಂದೆ

ರೂಮಲ್ಲಿ ಒಂದ್ಸಲ ಚಪ್ಪಾಳೆ ತಟ್ಟಿ. ಸದ್ದಿಗೆ ಬಾಲ ಉಳೀತಾ? ಅದು ನಿಮ್ಮ ದನಿಗೂ ಅಂಟುತ್ತೆ.

ನಾನು ಬಟ್ಟೆ ತುಂಬಿದ ಬೀರು ತೆಗೆದು ಅದಕ್ಕೆ ಮುಖ ಮಾಡಿ ಕೂರ್ತೀನಿ. ಮೈಕ್ ನಡುವೆ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ನೇರ ಎದುರಿಗಿಟ್ರೆ ‘ಪ’ ಅಂದಾಗ ಉಸಿರು ಬಡಿಯುತ್ತೆ. ಇನ್ನೂ ದೂರ ಇಟ್ರೆ ದನಿ ಇಳಿದು ರೂಮೇ ಜಾಸ್ತಿ ಕೇಳುತ್ತೆ.

ದಪ್ಪ ಕಂಬಳಿ ನೇತುಹಾಕೋದು ಬೆನ್ನ ಹಿಂದೆ. ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿರೋದನ್ನೇ ಹೆಚ್ಚು ಕೇಳುತ್ತೆ. ನಿಮ್ಮ ಜೊತೆ ನಿಮ್ಮ ಹಿಂದಿನ ಗೋಡೆಯೂ ಅದರ ಮುಂದೆಯೇ ಇದೆಯಲ್ಲ!

ಬೇಕರಿಯೊಂದರ 30 ಸೆಕೆಂಡ್ ಜಾಹೀರಾತನ್ನ ಬರೀ ಗೋಡೆ ಮುಂದೆ ಒಮ್ಮೆ, ಹೀಗೆ ಒಮ್ಮೆ ಓದಿ ಎರಡೂ ಕಳಿಸಿದೆ. ದುಡ್ಡು ಬಂದಿದ್ದು ಎರಡನೇದಕ್ಕೆ.

ಆದ್ರೆ ಕಂಬಳಿ ಬೀದಿಯ ಹಾರ್ನ್ ತಡೆಯಲ್ಲ. ಅದಕ್ಕೆ ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ರಾತ್ರಿ ಹನ್ನೊಂದರ ಮೇಲೆ ಓದಿ.